ಎಡಕ್ಕೆ ಸರಿದ ಗೆರೆ ಮೇಲೇರಿದಂತೆ ಕಾಣುವುದೇಕೆ?

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಮಾಲು ಬರುವುದು ಕಡಿಮೆಯಾಯಿತು, ಬೆಲೆ ಏರಿತು. ಸಂತೆಗೆ ಹೋಗಿಬರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಇದೇ ಸಂಗತಿ ಪಿಯುಸಿ ಅರ್ಥಶಾಸ್ತ್ರದ ವರ್ಕ್‌ಶೀಟಿನಲ್ಲಿ ಗೆರೆಗಳಾಗಿ ಅಚ್ಚಾಗಿ ಬಂದಾಗ, ಕುಸಿದ ಪೂರೈಕೆಯ ಗೆರೆಯನ್ನು ನೋಡಿ ‘ಪೂರೈಕೆ ಹೆಚ್ಚಾಗಿದೆ’ ಎಂದು ಬರೆಯುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಓದದೆ ಬಂದವರಷ್ಟೇ ಹೀಗೆ ಬರೆಯುವುದಿಲ್ಲ. ಹೊಸ ಗೆರೆ ಹಳೆಯ ಗೆರೆಗಿಂತ ಮೇಲಿರುತ್ತದೆ, ಮೇಲಿದ್ದದ್ದು ಹೆಚ್ಚು ಎಂದು ಗಣಿತದ ತರಗತಿಯಲ್ಲಿ ಪಳಗಿದ ಕಣ್ಣು ಹೇಳುತ್ತದೆ.

ಆ ಕಣ್ಣಿನದೇನೂ ತಪ್ಪಿಲ್ಲ. ಗಣಿತದಲ್ಲಿ ಕಾರಣವಾಗುವ ಸಂಖ್ಯೆ ಅಡ್ಡ ಅಕ್ಷದ ಮೇಲೆ ಕೂರುತ್ತದೆ, ಅದರಿಂದ ಹುಟ್ಟುವ ಸಂಖ್ಯೆ ಲಂಬ ಅಕ್ಷದ ಮೇಲೆ. ಅರ್ಥಶಾಸ್ತ್ರದ ಪಾಠ ‘ಬೆಲೆ ಇಷ್ಟಾದರೆ ಜನ ಎಷ್ಟು ಕೊಳ್ಳುತ್ತಾರೆ?’ ಎಂದು ಶುರುವಾಗುತ್ತದೆ. ಹಾಗಾದರೆ ಬೆಲೆ ಅಡ್ಡ ಅಕ್ಷದಲ್ಲಿರಬೇಕಿತ್ತು. ಫ್ರಾನ್ಸಿನ ಕೂರ್ನೋ 1838ರಲ್ಲಿ ಬೇಡಿಕೆಯ ಗೆರೆ ಎಳೆದಾಗ ಬೆಲೆಯನ್ನು ಅಲ್ಲೇ ಇಟ್ಟಿದ್ದ. ಅದನ್ನು ಲಂಬ ಅಕ್ಷಕ್ಕೆ ಏರಿಸಿ ಜಗತ್ತಿಗೆ ರೂಢಿ ಮಾಡಿಸಿದ್ದು ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್. 1890ರಲ್ಲಿ ಬಂದ ಅವನ ಗ್ರಂಥ ಹಲವು ದಶಕಗಳ ಕಾಲ ಪಠ್ಯವಾಗಿತ್ತು. ಮಾರ್ಷಲ್‌ನ ಪ್ರಶ್ನೆಯೇ ಬೇರೆಯಾಗಿತ್ತು: ಇಷ್ಟು ಮಾಲು ಮಾರುಕಟ್ಟೆಗೆ ಬಂದರೆ ಕೊಳ್ಳುವವರು ಯಾವ ಬೆಲೆ ಕೊಟ್ಟಾರು, ಬೆಳೆಯುವವರು ಯಾವ ಬೆಲೆ ಕೇಳಿಯಾರು? ಆ ಪ್ರಶ್ನೆಗೆ ಅವನ ಅಕ್ಷಗಳು ಸರಿಯಾಗಿಯೇ ಇವೆ. ಇಂದಿನ ವರ್ಕ್‌ಶೀಟು ಚಿತ್ರವನ್ನು ಮಾರ್ಷಲ್‌ನಿಂದ ಪಡೆದು, ಪ್ರಶ್ನೆಯನ್ನು ಮಾತ್ರ ಕೂರ್ನೋನ ಹಾಗೆ ಕೇಳುತ್ತದೆ. ತೊಡಕಿನ ಬೇರು ಇಲ್ಲಿದೆ.

ಒಂದು ಗ್ರಾಫನ್ನು ಮುಂದಿಟ್ಟುಕೊಂಡು ನೋಡೋಣ. ಲಂಬ ಅಕ್ಷದಲ್ಲಿ ಕಿಲೋ ಟೊಮೆಟೊದ ಬೆಲೆ, ಒಂದು ದೊಡ್ಡ ಮನೆಗೆ 10 ರೂಪಾಯಿ. ಅಡ್ಡ ಅಕ್ಷದಲ್ಲಿ ದಿನದ ಪ್ರಮಾಣ, ಒಂದು ದೊಡ್ಡ ಮನೆಗೆ 20 ಕ್ವಿಂಟಲ್. ಬೇಡಿಕೆ ರೇಖೆ ಲಂಬ ಅಕ್ಷದ 60 ರೂಪಾಯಿಯಿಂದ ಹೊರಟು ಅಡ್ಡ ಅಕ್ಷದ 120 ಕ್ವಿಂಟಲ್‌ಗೆ ಇಳಿಯುತ್ತದೆ. ಪೂರೈಕೆ ರೇಖೆ ಲಂಬ ಅಕ್ಷದ 10 ರೂಪಾಯಿಯಿಂದ ಹೊರಟು ಬಲಕ್ಕೆ ಏರುತ್ತದೆ. ಎರಡೂ ಕೂಡುವ ಬಿಂದುವಿನಲ್ಲಿ ಬೆಲೆ 30 ರೂಪಾಯಿ, ಪ್ರಮಾಣ 60 ಕ್ವಿಂಟಲ್. ಇದೇ ಸಮತೋಲನ.

‘ಬೆಲೆ 40 ರೂಪಾಯಿ ಇದ್ದರೆ ಏನಾಗುತ್ತದೆ?’ ಎಂಬುದು ಪ್ರಶ್ನೆ ಎಂದುಕೊಳ್ಳಿ. ಪೆನ್ಸಿಲ್ ತುದಿಯನ್ನು ಲಂಬ ಅಕ್ಷದ 40ರ ಮೇಲಿಟ್ಟು, ಚೌಕದ ಗೆರೆಯ ಜೊತೆಜೊತೆಗೇ ಬಲಕ್ಕೆ ಒಂದು ಚುಕ್ಕೆಗೆರೆ ಎಳೆಯಬೇಕು. ಅದು ಮೊದಲು ಬೇಡಿಕೆ ರೇಖೆಯನ್ನು ಮುಟ್ಟುತ್ತದೆ. ಅಲ್ಲಿಂದ ನೇರ ಕೆಳಗಿಳಿದರೆ 40 ಕ್ವಿಂಟಲ್. ಅದೇ ಚುಕ್ಕೆಗೆರೆಯನ್ನು ಮುಂದುವರಿಸಿದರೆ ಪೂರೈಕೆ ರೇಖೆ ಸಿಗುತ್ತದೆ. ಅಲ್ಲಿಂದ ಇಳಿದರೆ 80ನ್ನು ದಾಟಿ ಐದು ಸಣ್ಣ ಮನೆ.

ಈ ಐದು ಸಣ್ಣ ಮನೆಗಳಲ್ಲೇ ಅಂಕ ಕಳೆದುಹೋಗುವುದು. 80ಕ್ಕೆ 5 ಸೇರಿಸಿ 85 ಎಂದು ಬರೆಯುವವರು ಸ್ಕೇಲನ್ನು ಮರೆತಿರುತ್ತಾರೆ. ಹತ್ತು ಸಣ್ಣ ಮನೆಗೆ 20 ಕ್ವಿಂಟಲ್ ಎಂದರೆ ಒಂದು ಮನೆಗೆ 2 ಕ್ವಿಂಟಲ್. ಐದು ಮನೆಗೆ 10, ಉತ್ತರ 90. ಲಂಬ ಅಕ್ಷದಲ್ಲಿ ಮಾತ್ರ ಅದೇ ಸಣ್ಣ ಮನೆಯ ಬೆಲೆ 1 ರೂಪಾಯಿ. ಒಂದೇ ಹಾಳೆಯಲ್ಲಿ ಎರಡು ಅಳತೆ ಇರುವುದರಿಂದ ಕೈ ಜಾರುವುದು ಸುಲಭ. ಬಂದ ಉತ್ತರ ಸರಿಯೇ ಎಂದು ನೋಡುವುದಕ್ಕೂ ದಾರಿಯಿದೆ. ಪೂರೈಕೆ ರೇಖೆ ಇಲ್ಲಿ ನೇರ ಗೆರೆ. ಬೆಲೆ 10ರಿಂದ 30ಕ್ಕೆ ಏರುವಾಗ ಪ್ರಮಾಣ ಸೊನ್ನೆಯಿಂದ 60ಕ್ಕೆ ಹೋಗಿದೆ, ಅಂದರೆ ರೂಪಾಯಿಗೆ 3 ಕ್ವಿಂಟಲ್. 30ರಿಂದ 40ಕ್ಕೆ ಏರಿದರೆ 30 ಕ್ವಿಂಟಲ್ ಕೂಡಬೇಕು. 90 ಸರಿ, 85 ತಪ್ಪು. ಹಾಗಾಗಿ 40 ರೂಪಾಯಿಗೆ ಬರುವ ಮಾಲು 90, ಕೊಳ್ಳುವುದು 40, ಉಳಿಯುವುದು 50 ಕ್ವಿಂಟಲ್. ಚುಕ್ಕೆಗೆರೆಯ ಮೇಲೆ ಎರಡು ರೇಖೆಗಳ ನಡುವೆ ಉಳಿದ ತುಂಡೇ ಈ ಹೆಚ್ಚುವರಿ ಪೂರೈಕೆ.

ವರ್ಕ್‌ಶೀಟು ಜೆರಾಕ್ಸ್ ಆಗಿದ್ದರೆ ಅಳತೆಪಟ್ಟಿಯ ಸೆಂಟಿಮೀಟರನ್ನು ನಂಬಬಾರದು. ಪ್ರತಿ ಕುಗ್ಗಿರಬಹುದು, ಹಿಗ್ಗಿರಬಹುದು. ಮನೆಗಳನ್ನು ಎಣಿಸಿದರೆ ಆ ಅಪಾಯವಿಲ್ಲ, ಗೆರೆಯ ಜೊತೆಗೇ ಮನೆಯೂ ಕುಗ್ಗಿರುತ್ತದೆ. ಅಳತೆಪಟ್ಟಿ ನೇರ ಗೆರೆ ಎಳೆಯಲಿಕ್ಕಷ್ಟೇ ಇರಲಿ.

ಈಗ ಮಳೆಗೆ ಬೆಳೆ ಹಾಳಾಯಿತು ಎನ್ನೋಣ. ಪ್ರತಿ ಬೆಲೆಗೂ ಮೊದಲಿಗಿಂತ 50 ಕ್ವಿಂಟಲ್ ಕಡಿಮೆ ಮಾಲು ಬರುತ್ತದೆ. ವರ್ಕ್‌ಶೀಟಿನಲ್ಲಿ ಹೊಸ ಪೂರೈಕೆ ರೇಖೆ ಹಳೆಯದರ ಎಡಕ್ಕಿದೆ. ಏರುವ ಗೆರೆಯನ್ನು ಎಡಕ್ಕೆ ಸರಿಸಿದರೆ ಅದು ಹಳೆಯದರ ಮೇಲೂ ಕೂರುತ್ತದೆ, ಬೇರೆ ದಾರಿಯಿಲ್ಲ. ಕಣ್ಣು ಮೋಸಹೋಗುವ ಜಾಗ ಇದು. ಬಿಡಿಸಿಕೊಳ್ಳಲು ಅದೇ ಚುಕ್ಕೆಗೆರೆ ಸಾಕು. 40 ರೂಪಾಯಿಯಿಂದ ಬಲಕ್ಕೆ ಸಾಗಿದರೆ ಹೊಸ ರೇಖೆ 40 ಕ್ವಿಂಟಲ್‌ನಲ್ಲಿ, ಹಳೆಯದು 90ರಲ್ಲಿ ಸಿಗುತ್ತದೆ. 30 ರೂಪಾಯಿಯಿಂದ ಸಾಗಿದರೆ 10 ಮತ್ತು 60. ಎರಡು ಕಡೆಯೂ ಅಂತರ 50, ಎರಡು ಕಡೆಯೂ ಹೊಸದು ಚಿಕ್ಕದು. ಪೂರೈಕೆ ಕುಸಿದಿದೆ.

ಹಾಗಾದರೆ ಮೇಲಕ್ಕೆ ಸರಿದಂತೆ ಕಂಡದ್ದಕ್ಕೆ ಅರ್ಥವೇ ಇಲ್ಲವೇ? ಇದೆ, ಅದು ಮಾರ್ಷಲ್‌ನ ಪ್ರಶ್ನೆಗೆ ಉತ್ತರ. ಅಡ್ಡ ಅಕ್ಷದ 60 ಕ್ವಿಂಟಲ್‌ನಿಂದ ನೇರ ಮೇಲೇರಿದರೆ ಹಳೆಯ ರೇಖೆ 30 ರೂಪಾಯಿಗೆ, ಹೊಸದು ಸುಮಾರು 47 ರೂಪಾಯಿಗೆ ಸಿಗುತ್ತದೆ. ಮೊದಲಿನಷ್ಟೇ ಮಾಲು ತರಬೇಕಾದರೆ ಬೆಳೆಗಾರರಿಗೆ ಈಗ ಅಷ್ಟು ಬೆಲೆ ಸಿಗಬೇಕು. ಮೇಲೇರಿದ್ದು ಬೆಳೆಗಾರ ಕೇಳುವ ಬೆಲೆ, ಬರುವ ಮಾಲಲ್ಲ.

ಬೇಡಿಕೆ ರೇಖೆ ಕದಲಿಲ್ಲ. ಹೊಸ ಪೂರೈಕೆ ರೇಖೆ ಅದನ್ನು 40 ರೂಪಾಯಿ, 40 ಕ್ವಿಂಟಲ್‌ನಲ್ಲಿ ಕೂಡುತ್ತದೆ. ಬೆಲೆ ಏರಿದ್ದರಿಂದ ಜನ 60ರ ಬದಲು 40 ಕ್ವಿಂಟಲ್ ಕೊಂಡರು. ಇದನ್ನು ‘ಬೇಡಿಕೆ ಕುಸಿಯಿತು’ ಎಂದು ಬರೆದರೆ ಅಂಕ ಹೋಗುತ್ತದೆ, ಹೋಗಬೇಕಾದ್ದೇ. ಕೊಳ್ಳುವವರು ಅದೇ ರೇಖೆಯ ಮೇಲೆ ಮೇಲಕ್ಕೆ ನಡೆದಿದ್ದಾರೆ, ರೇಖೆ ಮಾತ್ರ ಇದ್ದಲ್ಲೇ ಇದೆ. ಬೇಡಿಕೆ ನಿಜವಾಗಿ ಕುಸಿದಿದ್ದರೆ 30 ರೂಪಾಯಿಗೇ ಜನ 60ಕ್ಕಿಂತ ಕಡಿಮೆ ಕೊಳ್ಳುತ್ತಿದ್ದರು, ಹಾಳೆಯ ಮೇಲೆ ಇನ್ನೊಂದು ಬೇಡಿಕೆ ರೇಖೆ ಕಾಣುತ್ತಿತ್ತು.

ಈ ಲೆಕ್ಕಗಳಲ್ಲಿ ಕೊನೆಯ ಸಂಖ್ಯೆಗಿಂತ ಹೆಚ್ಚು ಸಂಗತಿ ಹೇಳುವುದು ಆ ಚುಕ್ಕೆಗೆರೆ. ಗೆರೆ ಸರಿಯಿದ್ದು 85 ಎಂದು ಬರೆದವನಿಗೆ ಸ್ಕೇಲನ್ನು ನೆನಪಿಸಿದರೆ ಸಾಕು. ಗೆರೆಯೇ ಇಲ್ಲದೆ ಪೂರೈಕೆ ಹೆಚ್ಚಾಯಿತೆಂದು ಬರೆದವಳಿಗೆ ಅಕ್ಷಗಳನ್ನೇ ಮತ್ತೆ ಕಲಿಸಬೇಕು. ವರ್ಕ್‌ಶೀಟು ತಿದ್ದುವ ಉಪನ್ಯಾಸಕರು ಉತ್ತರಕ್ಕೆ ಒಂದು ಅಂಕ ಇಟ್ಟರೆ ಚುಕ್ಕೆಗೆರೆಗೂ ಒಂದು ಅಂಕ ಇಡಲಿ.