‘ನಾಳೆ ತರಗತಿ ಇಲ್ಲ’ ಅಂದರೆ ಯಾವತ್ತು?

ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ಹತ್ತನೇ ತರಗತಿಯವರಿಗೆ ಪ್ರತಿ ಗುರುವಾರ ಬೆಳಿಗ್ಗೆ 8.45ಕ್ಕೆ ವಿಶೇಷ ತರಗತಿ ಇಟ್ಟುಕೊಂಡಿದ್ದೆ. ಒಂದು ಬುಧವಾರ ರಾತ್ರಿ ಜ್ವರ ಬಂತು. ಹತ್ತು ಗಂಟೆಯ ಹೊತ್ತಿಗೆ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಒಂದೇ ಸಾಲು ಹಾಕಿ ಮಲಗಿಬಿಟ್ಟೆ: ‘ನಾಳೆ ಗಣಿತ ತರಗತಿ ಇಲ್ಲ.’

ತೋಟದ ಕೆಲಸಕ್ಕೆ ಹೋಗುವ ಒಬ್ಬ ತಾಯಿ ರಾತ್ರಿ ಒಂಬತ್ತಕ್ಕೇ ಮಲಗಿದ್ದರು. ಅವರು ಅದನ್ನು ನೋಡಿದ್ದು ಗುರುವಾರ ಬೆಳಿಗ್ಗೆ, ಒಲೆ ಹಚ್ಚುವ ಹೊತ್ತಿಗೆ. ಗುರುವಾರ ಓದಿದ ‘ನಾಳೆ’ ಅವರಿಗೆ ಶುಕ್ರವಾರವಾಗಿ ಕಂಡಿದ್ದರಲ್ಲಿ ತಪ್ಪೇನೂ ಇಲ್ಲ. ಮಗಳನ್ನು ಏಳೂವರೆ ಬಸ್ಸಿಗೆ ಹತ್ತಿಸಿದರು. ಎಂಟೂಕಾಲಕ್ಕೆ ಬಂದಿಳಿದ ಹುಡುಗಿ, ಬೀಗ ಹಾಕಿದ ಶಾಲೆಯ ಜಗಲಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಒದ್ದೆ ಕೊಡೆ ಹಿಡಿದು ಒಬ್ಬಳೇ ಕೂತಿದ್ದಳು. ಮಾರನೇ ದಿನ ನಾನು ತರಗತಿಗೆ ಹೋದರೆ ಅವಳ ಮುಂದೆ ಗಣಿತದ ಪುಸ್ತಕವಿಲ್ಲ. ಕೇಳಿದೆ. ‘ಇವತ್ತು ಗಣಿತ ಇಲ್ಲ ಅಂದ್ರು ಅಮ್ಮ’ ಅಂದಳು. ಒಂದು ಪದದಿಂದ ಆ ಮಗುವಿಗೆ ಎರಡು ದಿನ ಕೆಟ್ಟವು. ಅವಳ ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು.

ಅಲ್ಲಿಂದ ಮುಂದೆ ತರಗತಿ ರದ್ದಾದ ಸೂಚನೆಯನ್ನು ಪಾಠ ಯೋಜನೆಯಷ್ಟೇ ಎಚ್ಚರದಿಂದ ಬರೆಯುತ್ತ ಬಂದೆ. ಸೂಚನೆಯಲ್ಲಿ ‘ನಾಳೆ’, ‘ನಾಡಿದ್ದು’, ‘ಮುಂದಿನ ವಾರ’ ಎಂಬ ಪದಗಳಿಗೆ ಜಾಗವಿಲ್ಲ. ಅವುಗಳ ಅರ್ಥ ಬರೆದವರ ಗಡಿಯಾರಕ್ಕೆ ಸೇರಿದ್ದು. ಓದುವವರ ಗಡಿಯಾರ ಬೇರೆ. ತಾರೀಕು, ವಾರ ಎರಡೂ ಬೇಕು. ವಾರ ಯಾಕೆಂದರೆ, ಮನೆಗಳಲ್ಲಿ ದಿನ ಗುರುತಾಗುವುದು ಸಂತೆಯ ವಾರ, ಸಂಬಳದ ವಾರ ಎಂದೇ ಹೊರತು ತಾರೀಕಿನಿಂದಲ್ಲ. ತಾರೀಕು ಯಾಕೆಂದರೆ, ವಾರ ಪ್ರತಿ ವಾರವೂ ಬರುತ್ತದೆ. ಇಸವಿಯೂ ಇರಲಿ. ಮಳೆಗಾಲದಲ್ಲಿ ಹಳೇ ವರ್ಷದ ರಜೆ ಆದೇಶಗಳು ಫೋನಿಂದ ಫೋನಿಗೆ ಮತ್ತೆ ಓಡಾಡುವುದನ್ನು ಕರಾವಳಿ, ಮಲೆನಾಡಿನ ಪೋಷಕರು ಕಂಡೇ ಇದ್ದಾರೆ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ತರಗತಿ ಇಲ್ಲ ಎಂದರೆ ಶಾಲೆ ಇಲ್ಲ ಎಂದು ಮನೆಯಲ್ಲಿ ತಿಳಿಯುವುದು ಬಹಳ ಸಾಮಾನ್ಯ. ಮಳೆಗೆ ರಜೆ ಕೊಡುವುದು ಜಿಲ್ಲಾಧಿಕಾರಿ. ಶಿಕ್ಷಕರಿಗೆ ಆ ಅಧಿಕಾರವಿಲ್ಲ. ನನ್ನ ಒಂದು ಅವಧಿ ನಡೆಯದಿದ್ದರೂ ಶಾಲೆ ನಡೆಯುತ್ತದೆ, ಹಾಜರಿ ಕರೆಯುತ್ತಾರೆ, ಬಿಸಿಯೂಟ ಇರುತ್ತದೆ. ಆದ್ದರಿಂದ ಏನು ಇಲ್ಲ ಎನ್ನುವುದರ ಪಕ್ಕದಲ್ಲೇ ಏನು ಇದೆ ಎನ್ನುವುದನ್ನೂ ಬರೆಯಬೇಕು. ಕೆಳಗೆ ಮುಖ್ಯೋಪಾಧ್ಯಾಯರ ಸಹಿಯೂ ಇರಬೇಕು. ಆ ಸಹಿಯಿದ್ದರೆ ಸೂಚನೆ ಒಬ್ಬ ಶಿಕ್ಷಕಿಯ ಮಾತಾಗಿ ಉಳಿಯದೆ ಶಾಲೆಯ ಮಾತಾಗುತ್ತದೆ.

ಇಷ್ಟು ಬರೆದರೆ ಸೂಚನೆಯ ಅರ್ಧ ಮುಗಿಯಿತು, ಅದೂ ಸುಲಭದ ಅರ್ಧ. ಆಗದೇ ಉಳಿದ ಪಾಠ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟದ ಅರ್ಧ. ಬಹಳಷ್ಟು ಸೂಚನೆಗಳು ‘ತರಗತಿಯನ್ನು ನಂತರ ಸರಿದೂಗಿಸಲಾಗುವುದು’ ಎಂದು ಅಲ್ಲಿಗೇ ನಿಲ್ಲುತ್ತವೆ. ಆ ‘ನಂತರ’ ಕೊನೆಗೆ ಬರುವುದು ಪರೀಕ್ಷೆಯ ಹಿಂದಿನ ವಾರ, ಎರಡು ಪಾಠ ಒಂದೇ ಅವಧಿಯಲ್ಲಿ ಓಡಿಸುವಾಗ.

ಒಂದು ಉದಾಹರಣೆಯನ್ನೇ ಬಿಡಿಸಿ ನೋಡೋಣ. 2025ರ ಜುಲೈ 16 ಬುಧವಾರ ಮತ್ತು 17 ಗುರುವಾರ ಗಣಿತ ಶಿಕ್ಷಕಿ ಎರಡು ದಿನದ ತರಬೇತಿಗೆ ಹೋಗಬೇಕು ಎಂದುಕೊಳ್ಳಿ. ಹತ್ತನೇ ತರಗತಿಯಲ್ಲಿ ಆಗ ನಡೆಯುತ್ತಿರುವುದು ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಪಾಠ. ಮಂಗಳವಾರಕ್ಕೆ ನಕ್ಷೆ ವಿಧಾನ ಮುಗಿಯುತ್ತದೆ. ಬುಧವಾರ ಆದೇಶ ವಿಧಾನ, ಗುರುವಾರ ವರ್ಜಿಸುವ ವಿಧಾನ, ಶುಕ್ರವಾರ ಮಾತಿನ ಲೆಕ್ಕಗಳು, ಶನಿವಾರ ಘಟಕ ಪರೀಕ್ಷೆ ಎಂಬುದು ಮೊದಲಿನ ಯೋಜನೆ. ಗುರುವಾರ ಬೆಳಗಿನ ವಿಶೇಷ ತರಗತಿ ಅಭ್ಯಾಸಕ್ಕೆ ಮೀಸಲು. ಹೀಗೆ ಒಟ್ಟು ಮೂರು ಅವಧಿ ಕೈಬಿಡುತ್ತವೆ.

ಬದಲಿಗೆ ಬರುವ ಶಿಕ್ಷಕರಿಗೆ ವರ್ಜಿಸುವ ವಿಧಾನ ಒಪ್ಪಿಸಿ, ಆದೇಶ ವಿಧಾನವನ್ನು ತಾನು ಬಂದ ಮೇಲೆ ಹೇಳಿಕೊಟ್ಟರಾಗದೇ ಎಂದು ತೋರಬಹುದು. ಆಗುವುದಿಲ್ಲ. x + y = 10, x − y = 4 ಎಂಬ ಜೋಡಿಯನ್ನೇ ತೆಗೆದುಕೊಳ್ಳಿ. ಎರಡನ್ನೂ ಕೂಡಿಸಿದರೆ y ಹೋಗುತ್ತದೆ; 2x = 14, ಅಂದರೆ x = 7. ಇಲ್ಲಿಯವರೆಗೆ ಮಕ್ಕಳು ಖುಷಿಯಿಂದಲೇ ಬರುತ್ತಾರೆ. ಇನ್ನು y ಬೇಕು. ಅದಕ್ಕೆ 7ನ್ನು ಮೊದಲ ಸಮೀಕರಣದಲ್ಲಿ x ಇದ್ದ ಜಾಗಕ್ಕೆ ಹಾಕಬೇಕು. ಹಾಗೆ ಹಾಕುವುದಕ್ಕೇ ಆದೇಶಿಸುವುದು ಎನ್ನುತ್ತಾರೆ. ಅದನ್ನು ಕಲಿಯದ ಮಗು x = 7 ಬರೆದು ಪೆನ್ನು ಕೆಳಗಿಡುತ್ತದೆ. ಉತ್ತರ ಪತ್ರಿಕೆಗಳಲ್ಲಿ ಅರ್ಧಕ್ಕೇ ನಿಂತ ಇಂಥ ಲೆಕ್ಕಗಳನ್ನು ಕಂಡಾಗಲೆಲ್ಲ, ಇಲ್ಲಿ ಯಾವ ಅವಧಿ ತಪ್ಪಿಹೋಗಿತ್ತು ಎಂದು ಹಿಂದಕ್ಕೆ ಹೋಗಿ ನೋಡುವುದು ನನ್ನ ರೂಢಿ. ಒಂದನ್ನೊಂದು ಹಿಡಿದುಕೊಂಡ ಪಾಠಗಳನ್ನು ಸರಪಣಿಯ ಹಾಗೆ ಇಡಿಯಾಗಿಯೇ ಮುಂದಕ್ಕೆ ಎಳೆಯಬೇಕು. ನಡುವಿನ ಕೊಂಡಿ ಕಿತ್ತು ಆಮೇಲೆ ಸಿಕ್ಕಿಸುತ್ತೇನೆ ಎಂದರೆ ಅದು ಕೂಡಿಕೊಳ್ಳುವುದಿಲ್ಲ.

ಹಾಗಾದರೆ ಅವಧಿಗಳನ್ನು ತರುವುದೆಲ್ಲಿಂದ? ಸಿಬ್ಬಂದಿ ಕೋಣೆಯಿಂದಲೇ. ಸಮಾಜ ವಿಜ್ಞಾನದ ಶಿಕ್ಷಕರು ಬುಧವಾರದ ಮೂರನೇ ಅವಧಿಯನ್ನೂ ಗುರುವಾರದ ಎರಡನೆಯದನ್ನೂ ತೆಗೆದುಕೊಂಡು, ಬದಲಿಗೆ ಶುಕ್ರವಾರ ಮತ್ತು ಸೋಮವಾರದ ತಮ್ಮ ಆರನೇ ಅವಧಿಯನ್ನು ಬಿಟ್ಟುಕೊಟ್ಟರೆ ಯಾವ ವಿಷಯಕ್ಕೂ ನಷ್ಟವಿಲ್ಲ. ನಿಜವಾಗಿ ರದ್ದಾಗುವುದು ಗುರುವಾರದ ವಿಶೇಷ ತರಗತಿ ಒಂದೇ. ಸೂಚನೆ ಬರೆಯುವ ಮೊದಲು ಈ ಮಾತು ಮುಗಿದಿರಬೇಕು, ಮುಖ್ಯೋಪಾಧ್ಯಾಯರೂ ಒಪ್ಪಿರಬೇಕು. ಬರೆದಾದ ಮೇಲೆ ಸಹೋದ್ಯೋಗಿ ಆಗುವುದಿಲ್ಲ ಎಂದರೆ ತಿದ್ದುಪಡಿ ಸೂಚನೆ ಕಳಿಸಬೇಕಾಗುತ್ತದೆ. ಆಗ ಕೆಲವು ಮನೆಗಳಲ್ಲಿ ಮೊದಲನೆಯದು, ಕೆಲವು ಮನೆಗಳಲ್ಲಿ ಎರಡನೆಯದು ನಿಂತುಬಿಡುತ್ತದೆ.

ವಿಶೇಷ ತರಗತಿಯನ್ನು ಶನಿವಾರ ಶಾಲೆ ಬಿಟ್ಟ ಮೇಲೆ ಇಡೋಣ ಎಂದು ಮೊದಲು ಹೊಳೆಯುತ್ತದೆ. ಆದರೆ ನಮ್ಮ ಕಡೆಯಂಥ ಊರಲ್ಲಿ ಮಧ್ಯಾಹ್ನದ ಬಸ್ಸು ತಪ್ಪಿದರೆ ಮುಂದಿನದು ಸಂಜೆಗೇ. ಸೋಮವಾರ ಬೆಳಿಗ್ಗೆಯಾದರೆ ಮಕ್ಕಳಿಗೆ ರೂಢಿಯಾದ ಬಸ್ಸೇ ಸಾಕು. ಪರೀಕ್ಷೆಯನ್ನು ಮಂಗಳವಾರಕ್ಕೆ ಮುಂದೂಡಬೇಕು. ತಾರೀಕು ಉಳಿಸಿಕೊಳ್ಳಲು ಪಾಠ ಹಿಂಡುವುದಕ್ಕಿಂತ ಪಾಠ ಉಳಿಸಿಕೊಂಡು ತಾರೀಕು ಸರಿಸುವುದು ಮೇಲು. ಅದು ಶಾಲೆಯೊಳಗಿನ ಪರೀಕ್ಷೆ, ನಮ್ಮ ಕೈಯಲ್ಲೇ ಇದೆ. ಸೂಚನೆ ಈಗ ಹೀಗಾಗುತ್ತದೆ:

ಹತ್ತನೇ ತರಗತಿಯ ವಿದ್ಯಾರ್ಥಿಗಳಿಗೆ ಮತ್ತು ಪೋಷಕರಿಗೆ
ದಿನಾಂಕ: 14-07-2025, ಸೋಮವಾರ

ಜುಲೈ 17, ಗುರುವಾರ ಬೆಳಿಗ್ಗೆ 8.45ರ ಗಣಿತ ವಿಶೇಷ ತರಗತಿ ಇರುವುದಿಲ್ಲ. ಅಂದು ಬೇಗ ಬರುವುದು ಬೇಡ. ಶಾಲೆ ಎಂದಿನ ಸಮಯಕ್ಕೆ ನಡೆಯುತ್ತದೆ, ಬಿಸಿಯೂಟವೂ ಇದೆ. ನಾನು ಬುಧವಾರ, ಗುರುವಾರ ತರಬೇತಿಯಲ್ಲಿರುತ್ತೇನೆ.

ಜುಲೈ 16, ಬುಧವಾರ ಮೂರನೇ ಅವಧಿ ಮತ್ತು ಜುಲೈ 17, ಗುರುವಾರ ಎರಡನೇ ಅವಧಿ: ಗಣಿತದ ಬದಲು ಸಮಾಜ ವಿಜ್ಞಾನ. ಅದರ ಪುಸ್ತಕ ತನ್ನಿ.
ಜುಲೈ 18, ಶುಕ್ರವಾರ: ಗಣಿತ ಎರಡು ಅವಧಿ (ಎಂದಿನದು ಮತ್ತು ಆರನೆಯದು). ಆದೇಶ ವಿಧಾನ.
ಜುಲೈ 19, ಶನಿವಾರ: ವರ್ಜಿಸುವ ವಿಧಾನ. ಅಂದು ಪರೀಕ್ಷೆ ಇಲ್ಲ.
ಜುಲೈ 21, ಸೋಮವಾರ: ಬೆಳಿಗ್ಗೆ 8.45ಕ್ಕೆ ವಿಶೇಷ ತರಗತಿ. ಎಂದಿನ ಅವಧಿ ಮತ್ತು ಆರನೇ ಅವಧಿಯಲ್ಲಿ ಮಾತಿನ ಲೆಕ್ಕಗಳು.
ಜುಲೈ 22, ಮಂಗಳವಾರ: ಘಟಕ ಪರೀಕ್ಷೆ.

ಮನೆಗೆಲಸ: ನಕ್ಷೆ ವಿಧಾನದ ನಾಲ್ಕು ಲೆಕ್ಕ, ಶುಕ್ರವಾರ ತೋರಿಸಬೇಕು.
ಪೋಷಕರು ಮಕ್ಕಳ ಡೈರಿಯಲ್ಲಿ ಸಹಿ ಮಾಡಿ ಕಳಿಸಿ.

ಕಾರಣ ಒಂದು ಸಾಲಿನಲ್ಲಿ ಮುಗಿದಿದೆ, ಅದೂ ಮೊದಲ ಸಾಲಲ್ಲಿ ಬಂದಿಲ್ಲ. ಮನೆಯವರು ಮೊದಲು ತಿಳಿಯಬೇಕಾದದ್ದು ಮಗುವನ್ನು ಎಷ್ಟು ಹೊತ್ತಿಗೆ ಹೊರಡಿಸಬೇಕು ಎಂಬುದನ್ನು. ‘ಅಂದು ಪರೀಕ್ಷೆ ಇಲ್ಲ’ ಎಂದು ಶನಿವಾರದ ಸಾಲಿನಲ್ಲೇ ಬರೆದದ್ದಕ್ಕೂ ಕಾರಣವಿದೆ. ಹೊಸ ತಾರೀಕನ್ನು ಮಾತ್ರ ಹೇಳಿದರೆ ಹಳೆಯದನ್ನು ನೆನಪಿಟ್ಟುಕೊಂಡವರು ಎರಡು ಪರೀಕ್ಷೆ ಇವೆ ಎಂದುಕೊಳ್ಳುತ್ತಾರೆ.

ಗುಂಪಿಗೆ ಹಾಕಿದ ಮಾತ್ರಕ್ಕೆ ಸೂಚನೆ ಮನೆ ಮುಟ್ಟಿತು ಎಂದು ತಿಳಿಯಬಾರದು. ಎಷ್ಟೋ ಮನೆಗಳಲ್ಲಿ ಫೋನು ಒಂದೇ. ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತದೆ. ಓದಲು ಬಾರದ ಅಜ್ಜಿಯ ಜೊತೆ ಇರುವ ಮಕ್ಕಳೂ ಇದ್ದಾರೆ. ಸೋಮವಾರವೇ ಕರಿಹಲಗೆಯ ಮೇಲೆ ಬರೆದು ಡೈರಿಗೆ ಇಳಿಸಿಕೊಳ್ಳಲು ಹೇಳುವುದು ನನ್ನ ಮೊದಲ ಕೆಲಸ. ಗುಂಪಿಗೆ ಹಾಕುವುದು ಎರಡನೆಯದು. ಗುಂಪಿನಲ್ಲಿ ಬರಹದ ಜೊತೆ ಅರ್ಧ ನಿಮಿಷದ ಧ್ವನಿ ಸಂದೇಶವೂ ಇರಲಿ. ಮಂಗಳವಾರ ಬೆಳಿಗ್ಗೆ ಡೈರಿಯ ಸಹಿ ಎಣಿಸಿದರೆ ಯಾವ ಮನೆಗೆ ಸುದ್ದಿ ಮುಟ್ಟಿಲ್ಲ ಎಂಬುದು ಹೆಸರು ಸಮೇತ ಗೊತ್ತಾಗುತ್ತದೆ. ಅವರಿಗೆ ಫೋನು ಮಾಡಲು ಇನ್ನೂ ಒಂದು ದಿನ ಕೈಯಲ್ಲಿರುತ್ತದೆ. ಸೂಚನೆ ಎರಡು ದಿನ ಮೊದಲು ಹೊರಡಬೇಕು ಎನ್ನುವುದು ಇದಕ್ಕಾಗಿ.

ನನಗೆ ಬಂದ ಜ್ವರದಂತೆ ರಾತ್ರೋರಾತ್ರಿ ಬರುವುದಕ್ಕೆ ಈ ಎರಡು ದಿನ ಸಿಗುವುದಿಲ್ಲ. ಆಗ ಪಾಠದ ಹೊಸ ಪಟ್ಟಿ ಕಳಿಸುವ ಆತುರ ಬೇಡ. ಯಾವ ತರಗತಿ ಇಲ್ಲ, ಶಾಲೆ ಇದೆ, ಬೇಗ ಬರಬೇಡಿ ಎಂಬ ಮೂರು ಮಾತನ್ನು ತಾರೀಕು, ವಾರದೊಡನೆ ಹಾಕಿ, ಪಟ್ಟಿಯನ್ನು ಶಾಲೆಗೆ ಮರಳಿದ ದಿನ ಕೊಡಬಹುದು. ದೂರದಿಂದ ಬರುವ ಮಕ್ಕಳ ಮನೆಗೆ ಮಾತ್ರ ಅದೇ ರಾತ್ರಿ ಒಂದು ಕರೆ ಹೋಗಲೇಬೇಕು. ಏಳೂವರೆ ಬಸ್ಸಿನ ಮಕ್ಕಳು ಯಾರ್ಯಾರು ಎಂದು ಫೋನ್ ನಂಬರಿನ ಜೊತೆ ಒಂದು ಚೀಟಿಯಲ್ಲಿ ಬರೆದು ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡೆ, ಇನ್ನೊಂದು ಪ್ರತಿಯನ್ನು ಮನೆಯಲ್ಲಿ. ಐದೇ ಹೆಸರು. ಅವತ್ತು ಆ ಚೀಟಿ ಇದ್ದಿದ್ದರೆ ಆ ತಾಯಿಯ ಮನೆಗೆ ಬುಧವಾರ ರಾತ್ರಿಯೇ ಫೋನು ಹೋಗಿರುತ್ತಿತ್ತು.

ತರಬೇತಿಯಿಂದ ಮರಳಿ ತರಗತಿಗೆ ಕಾಲಿಟ್ಟ ಕೂಡಲೇ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಪರೀಕ್ಷೆ ಯಾವತ್ತು?’ ಎಲ್ಲರ ಬಾಯಲ್ಲೂ ಒಂದೇ ವಾರ ಬಂದರೆ ಸೂಚನೆ ಕೆಲಸ ಮಾಡಿದೆ. ಹಿಂದಿನ ಬೆಂಚಿನಿಂದ ಬೇರೊಂದು ವಾರ ಕೇಳಿಬಂದರೆ ಅಲ್ಲಿಗೆ ಹೋಗಿ, ಆ ಡೈರಿ ತೆರೆದು, ಏನು ಬರೆದುಕೊಂಡಿದ್ದಾರೆ ನೋಡುತ್ತಿದ್ದೆ. ಒಮ್ಮೆ ಒಬ್ಬ ಹುಡುಗನ ಡೈರಿಯಲ್ಲಿ ತಾರೀಕು 22 ಇತ್ತು, ವಾರ ಸೋಮವಾರ ಇತ್ತು. ಹಲಗೆಯ ಮೇಲೆ ನಾನೇ ಎರಡು ಸಾಲನ್ನು ತೀರಾ ಒತ್ತಾಗಿ ಬರೆದಿದ್ದೆ.

ಆಮೇಲಿನ ಒಂದು ವರ್ಷ ಹೀಗೇ ಬರೆದ ಸೂಚನೆ ಹೋದ ದಿನ ಸಂಜೆ, ಅದೇ ಏಳೂವರೆ ಬಸ್ಸಿನ ಇನ್ನೊಬ್ಬ ಹುಡುಗಿಯ ತಾಯಿ ಫೋನು ಮಾಡಿದರು. ಬೇರೇನೂ ಕೇಳಲಿಲ್ಲ. ‘ಗುರುವಾರ ಎಂಟೂವರೆ ಬಸ್ಸಿಗೆ ಕಳಿಸ್ತೀನಿ ಟೀಚರೇ, ಸೋಮವಾರ ಮಾತ್ರ ಏಳೂವರೆದು, ಅಲ್ವಾ?’ ಎಂದರು. ಹೌದು ಅಮ್ಮ, ಅಷ್ಟೇ ಎಂದೆ.