ಎಂಟು ಗಂಟೆಯ ಗೆರೆ

ಠಾಕುರ್ಲಿಯಿಂದ ಕಲ್ಯಾಣದ ಕಡೆ ಹಳಿಗುಂಟ ಹೊರಟರೆ ರೈಲ್ವೆಯವರ ಬಾರಾ ಬಂಗ್ಲಾ ಸಿಗುತ್ತದೆ. ಹಳೆಯ ಮರಗಳ ಕೆಳಗೆ ಹರಡಿಕೊಂಡ ಈ ವಸತಿಯ ಹಗಲು ಬೇರೆ ಓಣಿಗಳ ಹಗಲಿನಂತಲ್ಲ. ಬೆಳಗ್ಗೆ ಹತ್ತಾದರೂ ಕೆಲವು ಕಿಟಕಿಗಳಿಗೆ ದಪ್ಪ ಪರದೆ ಎಳೆದಿರುತ್ತದೆ. ಅಂಥ ಮನೆಯ ಹೆಂಗಸು ಕುಕ್ಕರಿನ ಸೀಟಿ ಕೂಗುವ ಮೊದಲೇ ಒಲೆ ಸಣ್ಣ ಮಾಡುತ್ತಾಳೆ. ಶಾಲೆಯಿಂದ ಬಂದ ಮಗು ಬಾಗಿಲಲ್ಲೇ ದನಿ ತಗ್ಗಿಸುತ್ತದೆ. ಒಳಗೆ ಮಲಗಿದವರು ಲೋಕೋ ಪೈಲಟ್. ರಾತ್ರಿಯಿಡೀ ಸಿಗ್ನಲ್ ನೋಡಿ ಬಂದ ಕಣ್ಣುಗಳಿಗೆ ಈಗ ನಡುರಾತ್ರಿ.

ಈ ಮನೆಗಳ ಗಡಿಯಾರವನ್ನು ನಡೆಸುವುದು ‘ಲಿಂಕ್’ ಎಂಬ ಒಂದು ಹಾಳೆ. ಯಾವ ಚಾಲಕ ಯಾವ ಗಾಡಿ ಒಯ್ಯಬೇಕು, ಎಲ್ಲಿ ಇಳಿಯಬೇಕು, ಯಾವ ಗಾಡಿಯಲ್ಲಿ ಮರಳಬೇಕು, ಮಧ್ಯೆ ಎಷ್ಟು ಹೊತ್ತು ಮಲಗಬೇಕು ಎಂಬುದೆಲ್ಲ ಅದರಲ್ಲಿದೆ. ಕಲ್ಯಾಣ ಜಂಕ್ಷನ್ನಿನ ಲಾಬಿಯಲ್ಲಿ ಚಾಲಕರು ಸಹಿ ಹಾಕಿ, ಉಸಿರು ಊದಿ ಮದ್ಯದ ತಪಾಸಣೆ ಮುಗಿಸಿ, ದಾರಿಯ ವೇಗಮಿತಿಗಳ ಪಟ್ಟಿ ಓದಿಕೊಂಡು ಗಾಡಿಯತ್ತ ನಡೆಯುತ್ತಾರೆ. ಹಾಳೆಯ ಲೆಕ್ಕ ಶುರುವಾಗುವುದು ಗಾಡಿ ಹೊರಟಾಗ ಅಲ್ಲ, ಈ ಸಹಿ ಬಿದ್ದಾಗ.

ನಿಯಮದ ಮುಖ್ಯ ಅಂಕಿಗಳು ಕೆಲವೇ. ಒಮ್ಮೆ ಹೊರಟರೆ ಗಾಡಿ ಓಡಿಸುವ ಕೆಲಸ ಸಾಮಾನ್ಯವಾಗಿ 9 ಗಂಟೆ ಮೀರಬಾರದು. ಕೆಲಸ 8 ಗಂಟೆಗಿಂತ ಕಡಿಮೆಯಾದರೆ ಸ್ವಂತ ಠಾಣೆಯಲ್ಲಿ 12 ಗಂಟೆ ವಿಶ್ರಾಂತಿ, 8 ತುಂಬಿದರೆ 16. ಹೊರ ಊರಿನ ರನ್ನಿಂಗ್ ರೂಮಿನಲ್ಲಿ 8 ತುಂಬಿದ ಕೆಲಸಕ್ಕೆ 8 ಗಂಟೆ, 5ರಿಂದ 8ರ ನಡುವಿನದಕ್ಕೆ 6 ಗಂಟೆ. ಓದಲು ಇಷ್ಟೇ. ಲಿಂಕ್ ಕಟ್ಟಲು ಕುಳಿತವರಿಗೆ ಮಾತ್ರ ಆ ಎಂಟರ ಗೆರೆ ಎಷ್ಟು ಚೂಪೆಂಬುದು ಗೊತ್ತು.

ಲೆಕ್ಕಕ್ಕಾಗಿ ಕಲ್ಯಾಣ–ಭುಸಾವಳ ನಡುವೆ ಒಂದು ಸುತ್ತು ಕಟ್ಟಿ ನೋಡೋಣ. ದಾರಿ ಸುಮಾರು 390 ಕಿಲೋಮೀಟರು. ರಾತ್ರಿ 8:30ಕ್ಕೆ ಸಹಿ, 9:15ಕ್ಕೆ ಗಾಡಿ. ಕಸಾರಾ ದಾಟಿದ ಮೇಲೆ ಥಳ ಘಾಟ್. 37 ಅಡಿ ಸಾಗಿದರೆ 1 ಅಡಿ ಏರುವ ಕಡಿದಾದ ಹಳಿ. ಅಲ್ಲಿ ಯಾರಿಗೂ ನಿದ್ದೆ ಸುಳಿಯದು. ಕಷ್ಟ ಬರುವುದು ಇಗತ್‌ಪುರಿ ಕಳೆದು, ನಾಸಿಕ್ ಹಿಂದೆ ಬಿದ್ದು, ಹಳಿ ನೇರವಾದ ಮೇಲೆ. ಎರಡರಿಂದ ಐದರವರೆಗಿನ ಹೊತ್ತು ದೇಹವೇ ಮಲಗು ಎನ್ನುವ ಹೊತ್ತು. ಸಹಾಯಕ ಚಾಲಕ ಸಿಗ್ನಲಿನ ಬಣ್ಣವನ್ನು ಗಟ್ಟಿಯಾಗಿ ಹೇಳುತ್ತಾನೆ, ಚಾಲಕರು ಅದನ್ನೇ ಮರಳಿ ಹೇಳುತ್ತಾರೆ. ಒಂದು ನಿಮಿಷದಷ್ಟು ಹೊತ್ತು ಯಾವ ಹಿಡಿಯನ್ನೂ ಮುಟ್ಟದಿದ್ದರೆ ಎಚ್ಚರಿಕೆ ಯಂತ್ರ ಕೂಗುತ್ತದೆ. ಆಗಲೂ ಗುಂಡಿ ಒತ್ತದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಆದರೆ ದಣಿದ ಕೈ ಅರೆನಿದ್ದೆಯಲ್ಲೂ ಅಭ್ಯಾಸಬಲದಿಂದ ಗುಂಡಿ ಒತ್ತಬಲ್ಲದು. ಯಂತ್ರ ಕೈಯನ್ನು ಕಾಯುತ್ತದೆ, ಕಣ್ಣನ್ನಲ್ಲ.

ಬೆಳಗಿನ 4:15ಕ್ಕೆ ಭುಸಾವಳ, 4:45ಕ್ಕೆ ಬಿಡುಗಡೆಯ ಸಹಿ. ಒಟ್ಟು 8 ಗಂಟೆ 15 ನಿಮಿಷ. ಗೆರೆ ದಾಟಿತು, ಹಾಗಾಗಿ 8 ಗಂಟೆ ವಿಶ್ರಾಂತಿ. ಮಧ್ಯಾಹ್ನ 12:45ರವರೆಗೆ ಅವರನ್ನು ಮುಟ್ಟುವಂತಿಲ್ಲ. ಮರಳುವ ಗಾಡಿಗೆ 1:45ಕ್ಕೆ ಸಹಿ ಎಂದು ಲಿಂಕ್ ಬರೆದರೆ ಒಂದು ಗಂಟೆ ಮಿಗುತ್ತದೆ. ಹಾಳೆಯ ಮೇಲೆ ಎಲ್ಲ ಸರಿ. ಆದರೆ ಹೋಗುವ ಗಾಡಿ ಎರಡು ಗಂಟೆ ತಡವಾಯಿತೆನ್ನಿ, ಬಿಡುಗಡೆ 6:45, ವಿಶ್ರಾಂತಿ ಮುಗಿಯುವುದು 2:45ಕ್ಕೆ. ಸಹಿಯ ಹೊತ್ತಿಗೆ ಇನ್ನೂ ಒಂದು ಗಂಟೆ ಬಾಕಿ. ಆಗ ಭುಸಾವಳದಲ್ಲಿ ಸ್ಪೇರ್ ಚಾಲಕರನ್ನು ಹುಡುಕಬೇಕು. ಅವರನ್ನು ತೆಗೆದರೆ ನಾಳೆಯ ಇನ್ನೊಂದು ಗಾಡಿಗೆ ಜನ ಇಲ್ಲ. ಲಿಂಕ್ ಕೆಟ್ಟಿದೆ ಎಂದು ಗೊತ್ತಾಗುವುದು ಹೀಗೆ: ವಾರದಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸ್ಪೇರ್ ಬೇಕಾದರೆ ತಪ್ಪು ಚಾಲಕನದೂ ಅಲ್ಲ, ಆ ದಿನದ ಗಾಡಿಯದೂ ಅಲ್ಲ, ಮಧ್ಯೆ ಬಿಟ್ಟ ಬಿಡುವೇ ಸಾಲದು. ಒಳ್ಳೆಯ ಲಿಂಕ್ ಆ ಗಾಡಿ ನಿಜವಾಗಿ ತಲುಪುವ ಹೊತ್ತನ್ನು ನೋಡಿ ಕಟ್ಟಿದ್ದು, ವೇಳಾಪಟ್ಟಿಯ ಹೊತ್ತನ್ನಷ್ಟೇ ನಂಬಿದ್ದಲ್ಲ.

ಇನ್ನು ಮರಳುವ ಪಯಣ. ರಾತ್ರಿ 9:15ಕ್ಕೆ ಕಲ್ಯಾಣದಲ್ಲಿ ಬಿಡುಗಡೆಯಾದರೆ ಕೆಲಸ ಏಳೂವರೆ ಗಂಟೆ, ವಿಶ್ರಾಂತಿ 12 ಮಾತ್ರ. ಅರ್ಧ ಗಂಟೆ ತಡವಾಗಿದ್ದರೆ 16 ಸಿಗುತ್ತಿತ್ತು. ಅರ್ಧ ಗಂಟೆಗೆ ನಾಲ್ಕು ಗಂಟೆಯ ವ್ಯತ್ಯಾಸ! ಇದು ರಾತ್ರಿ ಬಂದವರ ಮಾತಾಯಿತು, ಅವರಿಗೆ ಒಂದು ಪೂರ್ತಿ ರಾತ್ರಿ ಹಾಸಿಗೆಯಾದರೂ ಸಿಕ್ಕಿತು. ಅದೇ ಏಳೂವರೆ ಗಂಟೆ ದುಡಿದು ಬೆಳಗ್ಗೆ ಐದಕ್ಕೆ ಇಳಿದವರಿಗೂ 12 ಗಂಟೆಯೇ. ಸಂಜೆ ಐದಕ್ಕೆ ಮತ್ತೆ ಸಹಿ ಎಂದರೆ, ಎರಡು ಗಂಟೆ ಮೊದಲು ಮೂರಕ್ಕೇ ಕರೆ ಬರುತ್ತದೆ. ಹಗಲಿನ ಸೆಕೆ, ಬೀದಿಯ ಗದ್ದಲದ ನಡುವೆ ಸಿಕ್ಕಷ್ಟು ನಿದ್ದೆ, ಅದರ ಬೆನ್ನಿಗೇ ಇನ್ನೊಂದು ರಾತ್ರಿ. ನಿಯಮ ಮುರಿದಿಲ್ಲ, ಮನುಷ್ಯ ಮುರಿದಿದ್ದಾನೆ.

ಬಾರಾ ಬಂಗ್ಲಾ ಇರುವ ಜಾಗಕ್ಕೆ ಅರ್ಥ ಬರುವುದು ಇಲ್ಲಿ. ವಿಶ್ರಾಂತಿ ಎಣಿಸುವುದು ಸಹಿಯಿಂದ ಸಹಿಗೆ, ದಿಂಬಿನಿಂದ ದಿಂಬಿಗಲ್ಲ. ಠಾಕುರ್ಲಿಯ ವಸತಿಯಲ್ಲಿರುವವರಿಗೆ ಲಾಬಿ ಹತ್ತಿರ. ಹನ್ನೆರಡರಲ್ಲಿ ಊಟ, ಸ್ನಾನ, ಕರೆಯ ಹೊತ್ತು ಕಳೆದರೂ ಏಳು ಗಂಟೆ ಮಲಗಬಹುದು. ಬಾಡಿಗೆ ಕಡಿಮೆ ಎಂದು ಬದ್ಲಾಪುರದಾಚೆ ಮನೆ ಮಾಡಿದವರಿಗೆ ಬೆಳಗಿನ ಲೋಕಲ್ ಹತ್ತಿ ಹೋಗಿ ಬರುವುದೂ ವಿಶ್ರಾಂತಿಯ ಲೆಕ್ಕಕ್ಕೇ ಜಮೆ. ಒಂದೇ ಲಿಂಕ್, ಒಂದೇ ಗಾಡಿ, ನಿದ್ದೆ ಮಾತ್ರ ಬೇರೆ ಬೇರೆ. ಚಾಲಕರ ವಸತಿಯನ್ನು ಲಾಬಿಯ ಪಕ್ಕದಲ್ಲೇ ಉಳಿಸಿಕೊಳ್ಳುವುದು ಸೌಕರ್ಯದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ ಎಂದೇ ನಾನು ನಂಬುತ್ತೇನೆ.

ಈ ಗಂಟೆಗಳು ಸುಮ್ಮನೆ ಬಂದವಲ್ಲ. 1973ರಲ್ಲಿ ಎಂಜಿನ್ ಚಾಲಕರು ಕೆಲಸ ನಿಲ್ಲಿಸಿದಾಗ 10 ಗಂಟೆಯ ಮಿತಿಯ ಭರವಸೆ ಸಿಕ್ಕಿತ್ತು. ಮರುವರ್ಷ ಮೇ ತಿಂಗಳಲ್ಲಿ, ಕೆಲಸದ ಗಂಟೆಯ ಬೇಡಿಕೆಯೂ ಸೇರಿದ್ದ ದೇಶವ್ಯಾಪಿ ರೈಲ್ವೆ ಮುಷ್ಕರಕ್ಕೆ ಮುಂದಾಳಾದವರು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್.

ವಾರದ ಬಿಡುವಿನ ವಿವಾದ ಇಂದಿಗೂ ಜೀವಂತ. 1989ರ ರೈಲ್ವೆ ಕಾಯ್ದೆ ಚಾಲಕರಿಗೆ ತಿಂಗಳಿಗೆ 30 ಗಂಟೆಯ ನಾಲ್ಕು ಬಿಡುವು, ಇಲ್ಲವೇ ಪೂರ್ತಿ ರಾತ್ರಿ ಸೇರಿದಂತೆ 22 ಗಂಟೆಯ ಐದು ಬಿಡುವು ಕೊಡಬೇಕೆನ್ನುತ್ತದೆ. ಪ್ರಶ್ನೆ ಇದು: ಪಯಣ ಮುಗಿದಾಗ ಸಿಗುವ 16 ಗಂಟೆ ಆ ಮೂವತ್ತರ ಒಳಗೋ, ಹೊರಗೋ? ಎಂಟು ದಾಟಿದ ಕೆಲಸ ಮುಗಿಸಿ ಶನಿವಾರ ರಾತ್ರಿ 9:15ಕ್ಕೆ ಬಿಡುಗಡೆಯಾದವರನ್ನು ನೋಡಿ. ಒಳಗೆ ಎಂದರೆ ಬಿಡುವು ಸೋಮವಾರ ನಸುಕಿನ 3:15ಕ್ಕೆ ಮುಗಿಯುತ್ತದೆ, ಕರೆ 1:15ಕ್ಕೇ ಬರಬಹುದು. ಭಾನುವಾರದ ರಾತ್ರಿ ಅರ್ಧಕ್ಕೇ ತುಂಡಾಗುತ್ತದೆ. ಹೊರಗೆ ಎಂದರೆ 46 ಗಂಟೆ, ಸೋಮವಾರ ಸಂಜೆ 7:15ರವರೆಗೆ ಎರಡು ಪೂರ್ತಿ ರಾತ್ರಿ ಮನೆ. 2024ರ ಜೂನ್ 1ರಿಂದ ದಕ್ಷಿಣ ರೈಲ್ವೆಯ ಹಲವು ಚಾಲಕರು ಈ 46 ಗಂಟೆಯನ್ನು ತಾವೇ ತೆಗೆದುಕೊಳ್ಳತೊಡಗಿದರು, ಶಿಸ್ತುಕ್ರಮವನ್ನೂ ಎದುರಿಸಿದರು. ಒಬ್ಬ ಚಾಲಕನಿಗೆ 16 ಗಂಟೆ ಹೆಚ್ಚು ಕೊಟ್ಟರೆ ಅವನ ಗಾಡಿಗೆ ಇನ್ನೊಬ್ಬ ಬೇಕು. ಖಾಲಿ ಹುದ್ದೆ ತುಂಬದೆ ಲಿಂಕ್ ಕಟ್ಟುವವರು ಎಷ್ಟೇ ಜಾಣರಾದರೂ ಆ ಸೋಮವಾರದ ನಸುಕಿಗೆ ಯಾರನ್ನಾದರೂ ಎಬ್ಬಿಸಲೇಬೇಕು.