‘ನಮ್ಮ ಕಂಪನಿಯೇ ಯಾಕೆ?’

ಸಂದರ್ಶನ ಶುರುವಾಗಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. ‘ನಿಮ್ಮದು ವೇಗವಾಗಿ ಬೆಳೆಯುತ್ತಿರುವ ಸಂಸ್ಥೆ, ಇಲ್ಲಿ ಕಲಿಯಲು ಅವಕಾಶವಿದೆ, ಒಳ್ಳೆಯ ವಾತಾವರಣವಿದೆ.’ ಇದೇ ಮಾತನ್ನು ಬೆಳಿಗ್ಗೆ ಪೀಣ್ಯದಲ್ಲಿ ಹೇಳಿ, ಮಧ್ಯಾಹ್ನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು ಕಂಪನಿಯ ಮುಂದೆಯೂ ಒಪ್ಪಿಸಬಹುದು. ಕೇಳುತ್ತಾ ಕೂತವರಿಗೆ ಅದು ಚೆನ್ನಾಗಿಯೇ ಗೊತ್ತು.

ಇದನ್ನು ತಪ್ಪಿಸಲು ಅಭ್ಯರ್ಥಿಗಳು ಕಂಪನಿಯ ಇತ್ತೀಚಿನ ಸುದ್ದಿಯನ್ನು ಓದಿಕೊಂಡು ಹೋಗುತ್ತಾರೆ. ಓದುವುದೇನೋ ಸರಿ, ಎಡವುವುದು ಅದನ್ನು ಬಳಸುವಾಗ. ಬೆಂಗಳೂರಿನ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿ ಏಥರ್ ಎನರ್ಜಿಯ ಉದಾಹರಣೆ ಇಟ್ಟುಕೊಂಡು ನೋಡೋಣ. ಐಐಟಿ ಮದ್ರಾಸ್‌ನಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಈ ಕಂಪನಿಯ ಸ್ಕೂಟರ್‌ಗಳು ತಯಾರಾಗುವುದು ತಮಿಳುನಾಡಿನ ಹೊಸೂರಿನಲ್ಲಿ.

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಒಬ್ಬಳು ಹುಡುಗಿ ಇದ್ದಾಳೆ ಎಂದುಕೊಳ್ಳಿ. ಪೀಣ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕದಲ್ಲಿ ಅವಳಿಗೆ ಮೂರು ವರ್ಷದ ಅನುಭವ. ದ್ವಿಚಕ್ರ ವಾಹನಗಳ ಬಾಡಿ ಪ್ಯಾನೆಲ್‌ಗಳನ್ನು ಅಲ್ಲಿ ಮಾಡುತ್ತಾರೆ. ಈಗ ಅವಳು ಇಂಥದೇ ಸ್ಕೂಟರ್ ಕಂಪನಿಯಲ್ಲಿ ಸಪ್ಲೈಯರ್ ಕ್ವಾಲಿಟಿ ಎಂಜಿನಿಯರ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅಂದರೆ, ಬಿಡಿಭಾಗ ಪೂರೈಸುವ ವೆಂಡರ್‌ಗಳ ಬಳಿ ಹೋಗಿ ಮಾಲಿನ ಗುಣಮಟ್ಟ ನೋಡಿಕೊಳ್ಳುವ ಕೆಲಸ.

ಅವಳ ಮೊದಲ ಕರಡು ಹೀಗಿತ್ತು: ‘2024ರ ಏಪ್ರಿಲ್‌ನಲ್ಲಿ ನೀವು ರಿಜ್ಟಾ ಎಂಬ ಫ್ಯಾಮಿಲಿ ಸ್ಕೂಟರ್ ಬಿಡುಗಡೆ ಮಾಡಿದಿರಿ. ಸೀಟು ದೊಡ್ಡದು, ಸಾಮಾನಿಗೆ 56 ಲೀಟರ್ ಜಾಗವಿದೆ. ನನಗೆ ಅದು ತುಂಬಾ ಇಷ್ಟವಾಯಿತು. ಅದಕ್ಕೇ ಇಲ್ಲಿಗೆ ಸೇರಬೇಕೆಂದಿದ್ದೇನೆ.’

ಇದರಲ್ಲಿ ಸುಳ್ಳಿಲ್ಲ. ಆದರೆ ಶೋರೂಮಿನವನು ಗಿರಾಕಿಗೆ ಹೇಳುವ ಮಾತನ್ನು ಅವಳು ಸ್ಕೂಟರ್ ಮಾಡಿದವರಿಗೇ ಹೇಳುತ್ತಿದ್ದಾಳೆ. 56 ಲೀಟರ್ ಎಂಬುದು ಅವರಿಗೆ ಗೊತ್ತಿಲ್ಲವೇ? ಎದುರಿನವರು ‘ಸರಿ, ಫ್ಯಾಮಿಲಿ ಸ್ಕೂಟರ್ ಯಾಕೆ ಬೇಕಾಯಿತು ಹೇಳಿ’ ಎಂದು ತಿರುಗಿ ಕೇಳಿದರೆ ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಉತ್ಪನ್ನದ ಹೆಸರು ಬಂತು, ಅದರ ಹಿಂದಿನ ಕಾರಣ ಬರಲಿಲ್ಲ. ಅವಳ ಕೆಲಸಕ್ಕೂ ಆ ಉತ್ಪನ್ನಕ್ಕೂ ಏನು ಸಂಬಂಧ ಎಂಬುದೂ ಬರಲಿಲ್ಲ.

ಕಾರಣ ಹುಡುಕುವುದು ಕಷ್ಟವೇನಲ್ಲ. ಏಥರ್‌ನ ಮೊದಲ ಸ್ಕೂಟರ್‌ಗಳಾದ 450 ಸರಣಿ ವೇಗ ಇಷ್ಟಪಡುವ ಯುವಕರನ್ನು ನೋಡಿಕೊಂಡು ಬಂದದ್ದು. ಆದರೆ ನಮ್ಮಲ್ಲಿ ಸ್ಕೂಟರ್ ಕೊಳ್ಳುವವರಲ್ಲಿ ಬಹುಪಾಲು ಮಕ್ಕಳನ್ನು ಶಾಲೆಗೆ ಬಿಡುವವರು, ಸಂತೆಯಿಂದ ತರಕಾರಿ ಚೀಲ ತರುವವರು. ಈ ನಡುವೆ 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಎಲೆಕ್ಟ್ರಿಕ್ ದ್ವಿಚಕ್ರ ವಾಹನದ ಸಬ್ಸಿಡಿಯನ್ನು ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರ್‌ಗೆ 15,000 ರೂಪಾಯಿಯಿಂದ 10,000ಕ್ಕೆ ಇಳಿಸಿತು. ವಾಹನದ ಬೆಲೆಯ ಶೇ 40ರವರೆಗೆ ಸಿಗುತ್ತಿದ್ದ ನೆರವಿಗೆ ಶೇ 15ರ ಮಿತಿ ಬಿತ್ತು. ಹೆಚ್ಚು ಜನರಿಗೆ ಮಾರಬೇಕು, ಖರ್ಚನ್ನೂ ಇಳಿಸಬೇಕು ಎಂಬ ಎರಡು ಒತ್ತಡ ಈ ಉದ್ಯಮದ ಎಲ್ಲರ ಮೇಲೂ ಒಟ್ಟಿಗೇ ಬಂತು.

ಇದನ್ನೆಲ್ಲ ಎಲ್ಲಿ ಓದುವುದು? ಪತ್ರಿಕೆಯ ತಲೆಬರಹಗಳಿಗಿಂತ ಒಳ್ಳೆಯ ಜಾಗ ಒಂದಿದೆ. ಕಂಪನಿ ಷೇರು ಮಾರಾಟಕ್ಕೆ ಬರುವ ಮುನ್ನ ಸೆಬಿಗೆ ಸಲ್ಲಿಸುವ ಪ್ರಾಸ್ಪೆಕ್ಟಸ್ ಅದು. ನೂರಾರು ಪುಟವಿದ್ದರೂ ಉದ್ಯೋಗಾರ್ಥಿಗೆ ಬೇಕಾದ ಭಾಗಗಳು ಎರಡೇ. ಒಂದರಲ್ಲಿ, ಬಂದ ಹಣವನ್ನು ಯಾವುದಕ್ಕೆ ಖರ್ಚು ಮಾಡುತ್ತೇವೆ ಎಂದು ಬರೆದಿರುತ್ತಾರೆ. ಇನ್ನೊಂದರಲ್ಲಿ, ನಮಗೆ ಯಾವ ಅಪಾಯಗಳಿವೆ ಎಂದು ಕಂಪನಿ ತಾನೇ ಒಪ್ಪಿಕೊಂಡಿರುತ್ತದೆ. ಜಾಹೀರಾತು ಮುಚ್ಚಿಡುವುದನ್ನು ಕಾನೂನಿಗಾಗಿ ಹೇಳಲೇಬೇಕಾದ ಪುಟಗಳಿವು.

ಏಥರ್‌ನ ಷೇರು 2025ರ ಮೇ 6ರಂದು ಷೇರುಪೇಟೆಗೆ ಬಂತು. ಸಂಗ್ರಹವಾದ ಹಣದಲ್ಲಿ ದೊಡ್ಡ ಪಾಲು, ಸುಮಾರು 927 ಕೋಟಿ ರೂಪಾಯಿ, ಮಹಾರಾಷ್ಟ್ರದಲ್ಲಿ ಹೊಸ ಕಾರ್ಖಾನೆ ಕಟ್ಟುವುದಕ್ಕೆಂದು ಮೀಸಲಾಗಿತ್ತು. ಸಂಶೋಧನೆಗೆ 750 ಕೋಟಿ. ಜೊತೆಗೆ, 2023–24ರಲ್ಲಿ ಕಂಪನಿ ಸುಮಾರು 1,060 ಕೋಟಿ ರೂಪಾಯಿ ನಷ್ಟ ಮಾಡಿಕೊಂಡ ವಿಷಯವೂ ಅಲ್ಲಿದೆ.

ಹೊಸ ಕಾರ್ಖಾನೆಯ ಸುದ್ದಿಯನ್ನು ಸಾವಿರಾರು ಜನ ಓದಿರುತ್ತಾರೆ. ಪ್ಯಾನೆಲ್ ಮಾಡಿ ಗೊತ್ತಿರುವವಳಿಗೆ ಮಾತ್ರ ಅದರೊಳಗೆ ಇನ್ನೊಂದು ಸುದ್ದಿ ಕಾಣುತ್ತದೆ. ಸ್ಕೂಟರಿನ ಪ್ಯಾನೆಲ್ ಹಗುರ, ಆದರೆ ಗಾತ್ರದಲ್ಲಿ ದೊಡ್ಡದು. ಲಾರಿ ತುಂಬಿದರೂ ತೂಕಕ್ಕಿಂತ ಗಾಳಿಯೇ ಜಾಸ್ತಿ. ಅಂಥದನ್ನು ಹೊಸೂರಿನ ಸುತ್ತಮುತ್ತಲಿಂದ ಮಹಾರಾಷ್ಟ್ರಕ್ಕೆ ಸಾಗಿಸಿದರೆ ಬಾಡಿಗೆಯೇ ಮೈಮೇಲೆ ಬರುತ್ತದೆ. ಹಾಗಾಗಿ ಇಂಥ ಕಡೆ ಸಾಮಾನ್ಯವಾಗಿ ಕಾರ್ಖಾನೆಯ ಹತ್ತಿರವೇ ಹೊಸ ವೆಂಡರ್‌ಗಳನ್ನು ಹುಡುಕಬೇಕಾಗುತ್ತದೆ. ಹೊಸ ವೆಂಡರ್ ಎಂದರೆ ಹೊಸ ಮೋಲ್ಡ್, ಬೇರೆ ಮೆಷಿನ್, ಬೇರೆ ಕೈ. ಪ್ಲಾಸ್ಟಿಕ್ ತಣಿಯುವಾಗ ಒಂದು ಮೂಲೆ ಸ್ವಲ್ಪ ಸೊಟ್ಟಗಾದರೂ ಎರಡು ಪ್ಯಾನೆಲ್ ಸೇರುವ ಕಡೆ ಉಗುರು ಹೋಗುವಷ್ಟು ಸಂದು ಬೀಳುತ್ತದೆ. ಗಿರಾಕಿಗೆ ಯಾವ ಊರಿನಲ್ಲಿ ಮಾಡಿದ್ದು ಎಂಬುದು ಬೇಕಿಲ್ಲ, ಸಂದು ಮಾತ್ರ ಕಣ್ಣಿಗೆ ಬೀಳುತ್ತದೆ.

ಈ ಎಳೆ ಸಿಕ್ಕ ಮೇಲೆ ಎರಡನೇ ಕರಡು ತಾನಾಗಿ ಬಂತು:

‘ಮಹಾರಾಷ್ಟ್ರದ ಕಾರ್ಖಾನೆಗೆ ನೀವು ಹಣ ತೆಗೆದಿಟ್ಟಿದ್ದನ್ನು ಪ್ರಾಸ್ಪೆಕ್ಟಸ್‌ನಲ್ಲಿ ಓದಿದೆ. ಪ್ಯಾನೆಲ್‌ಗಳಿಗೆ ಅಲ್ಲಿಯ ವೆಂಡರ್‌ಗಳು ಬೇಕಾಗಬಹುದು ಎಂದು ನನ್ನ ಊಹೆ. ಕಳೆದ ವರ್ಷ ನಮ್ಮ ಘಟಕದ ಒಂದು ಮೋಲ್ಡನ್ನು ಇನ್ನೊಂದು ಶೆಡ್‌ಗೆ ಸಾಗಿಸಿದಾಗ ಸೈಡ್ ಪ್ಯಾನೆಲ್‌ನ ರಿಜೆಕ್ಷನ್ ನೂರಕ್ಕೆ ಎರಡಿದ್ದದ್ದು ಒಂಬತ್ತಕ್ಕೆ ಏರಿತು. ಮೋಲ್ಡ್ ತಣಿಸುವ ನೀರಿನ ಉಷ್ಣತೆ ಹೊಸ ಶೆಡ್‌ನಲ್ಲಿ ಬೇರೆಯಾಗಿತ್ತು. ಅದನ್ನು ಕಂಡುಹಿಡಿದು ಮೂರು ವಾರದಲ್ಲಿ ಸರಿಪಡಿಸಿದ ತಂಡದಲ್ಲಿ ನಾನಿದ್ದೆ. ಅದೇ ಕೆಲಸವನ್ನು ಎರಡು ರಾಜ್ಯಗಳ ನಡುವೆ ಮಾಡುವ ಅವಕಾಶ ಇಲ್ಲಿ ಕಾಣುತ್ತಿದೆ.’

ಹೇಳಲು ಒಂದು ನಿಮಿಷ ಸಾಕು. ಇದರಲ್ಲಿ ಮೂರು ಕೊಂಡಿಗಳಿವೆ: ಕಂಪನಿಯ ಒಂದು ನಿರ್ಧಾರ, ಆ ನಿರ್ಧಾರ ಹುಟ್ಟಿಸುವ ಕೆಲಸ, ಆ ಕೆಲಸವನ್ನು ತಾನು ಮಾಡಿರುವುದಕ್ಕೆ ಪುರಾವೆ. ನಡುವಿನ ಕೊಂಡಿಯನ್ನು ಬಿಡುವವರೇ ಹೆಚ್ಚು. ಅದು ಇದೆಯೋ ಇಲ್ಲವೋ ನೋಡಲು ಉತ್ತರದಲ್ಲಿ ಕಂಪನಿಯ ಹೆಸರಿನ ಜಾಗಕ್ಕೆ ಪೈಪೋಟಿದಾರರ ಹೆಸರು ಹಾಕಿ ಓದಬೇಕು. ಮೊದಲ ಕರಡಿನಲ್ಲಿ ಸ್ಕೂಟರಿನ ಹೆಸರನ್ನೂ ಲೀಟರನ್ನೂ ಬದಲಿಸಿದರೆ ಯಾರಿಗಾದರೂ ಸಲ್ಲುತ್ತದೆ. ಎರಡನೆಯದು ಹಾಗೆ ಕದಲುವುದಿಲ್ಲ.

ಎಚ್ಚರ ತಪ್ಪಬಹುದಾದ ಕಡೆಗಳೂ ಇವೆ. ‘ನನ್ನ ಊಹೆ’ ಎಂಬ ಎರಡು ಪದ ಬಿಟ್ಟರೆ, ಹೊರಗಿನವಳು ಒಳಗಿನ ಯೋಜನೆಯನ್ನು ಅವರಿಗೇ ಹೇಳಿಕೊಟ್ಟ ಹಾಗಾಗುತ್ತದೆ. ಕಾರ್ಖಾನೆಯ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಸಂದರ್ಶನದ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳದಿದ್ದರೆ ಹಳಸಿದ ಸುದ್ದಿ ಬಡಿಸಿದಂತೆ. ಹಳೆಯ ಘಟಕದ ಗಿರಾಕಿಯ ಹೆಸರು, ಅವರ ಡ್ರಾಯಿಂಗ್‌ನ ಅಳತೆ ಬಾಯಿಗೆ ಬರಬಾರದು. ಅದು ಅವಳ ಗುಟ್ಟಲ್ಲ. ನಷ್ಟದ ವಿಷಯವನ್ನು ತಾನಾಗಿ ಎತ್ತಬೇಕಿಲ್ಲ, ಆದರೆ ಕೇಳಿದರೆ ತಡವರಿಸಬಾರದು. ರಿಜೆಕ್ಟಾದ ಪ್ರತಿ ಪ್ಯಾನೆಲ್ ಆ ನಷ್ಟದ ಲೆಕ್ಕದಲ್ಲೇ ಬರುತ್ತದೆ ಎಂದು ತನ್ನ ಕೆಲಸಕ್ಕೆ ತಂದು ಸೇರಿಸಬಹುದು.

ಷೇರುಪೇಟೆಯಲ್ಲಿ ಇಲ್ಲದ ಸಣ್ಣ ಕಂಪನಿಗಾದರೆ ಪ್ರಾಸ್ಪೆಕ್ಟಸ್ ಸಿಗುವುದಿಲ್ಲ. ಆಗ ಅವರ ಉದ್ಯೋಗ ಪ್ರಕಟಣೆಗಳೇ ಸುದ್ದಿ. ಒಂದೇ ತಿಂಗಳಲ್ಲಿ ನಾಲ್ವರು ಮೋಲ್ಡ್ ಮೇಂಟೆನೆನ್ಸ್‌ನವರನ್ನು ಕರೆದಿದ್ದರೆ, ಹೊಸ ಆರ್ಡರ್ ಬಂದಿದೆ ಅಥವಾ ಇದ್ದವರು ಬಿಟ್ಟುಹೋಗಿದ್ದಾರೆ. ಎರಡರಲ್ಲಿ ಯಾವುದು ಎಂದು ಅಲ್ಲಿ ದುಡಿದವರೊಬ್ಬರನ್ನು ಕೇಳಿ ತಿಳಿದುಕೊಳ್ಳುವುದು ವಾಸಿ.

ಸಂದರ್ಶನದ ಕೊನೆಗೆ ‘ನಿಮಗೇನಾದರೂ ಕೇಳುವುದಿದೆಯೇ?’ ಎನ್ನುತ್ತಾರೆ. ನಮ್ಮ ದಾವಣಗೆರೆಯ ಹುಡುಗಿಯ ಪುಸ್ತಕದಲ್ಲಿ ಒಂದು ಸಾಲು ಬರೆದಿದೆ: ‘ಹೊಸ ಕಾರ್ಖಾನೆಗೆ ಈಗಿರುವ ಮೋಲ್ಡ್‌ಗಳನ್ನೇ ಸಾಗಿಸುತ್ತೀರೋ, ಅಲ್ಲೇ ಹೊಸದಾಗಿ ಮಾಡಿಸುತ್ತೀರೋ, ಸರ್?’